ಫ್ಲೆಕ್ಸಿಬಲ್ ಬಜೆಟ್ ಮಾಡುವುದು ಹೇಗೆ, ಅದರಿಂದ ಮ್ಯಾನೇಜರ್ ಕೆಲಸ ಅಳೆಯುವುದು ಹೇಗೆ

ತಿಂಗಳ ಕೊನೆಯ ಬಜೆಟ್ ವರದಿಯಲ್ಲಿ ಸಾಮಾನ್ಯವಾಗಿ ಎರಡು ಕಾಲಂ ಇರುತ್ತವೆ. ಒಂದರಲ್ಲಿ ವರ್ಷದ ಶುರುವಿನಲ್ಲಿ ಬರೆದಿಟ್ಟ ಅಂಕಿ, ಇನ್ನೊಂದರಲ್ಲಿ ನಿಜವಾಗಿ ಆದ ಖರ್ಚು. ಖರ್ಚು ಜಾಸ್ತಿಯಾಗಿದ್ದರೆ ಪ್ರೊಡಕ್ಷನ್ ಮ್ಯಾನೇಜರ್ ಉತ್ತರ ಕೊಡಬೇಕು. ಕಡಿಮೆಯಾಗಿದ್ದರೆ ಅವರಿಗೆ ಶಭಾಷ್. ಆ ತಿಂಗಳು ಎಷ್ಟು ಮಾಲು ತಯಾರಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇದೇ ಸ್ಟ್ಯಾಟಿಕ್ ಬಜೆಟ್. ಒಂದು ಉತ್ಪಾದನಾ ಪ್ರಮಾಣಕ್ಕೆ ಕಟ್ಟಿಹಾಕಿದ ಬಜೆಟ್, ನಿಜವಾದ ಪ್ರಮಾಣ ಏನೇ ಆದರೂ ಬದಲಾಗುವುದಿಲ್ಲ. ಫ್ಲೆಕ್ಸಿಬಲ್ ಬಜೆಟ್ ಕೇಳುವ ಪ್ರಶ್ನೆ ಬೇರೆ: ನಿಜವಾಗಿ ತಯಾರಾದಷ್ಟೇ ಮಾಲಿಗೆ ಎಷ್ಟು ಖರ್ಚಾಗಬೇಕಿತ್ತು? ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಮಾಡಲು ಕೂತಾಗ ಎಡವಟ್ಟಾಗುತ್ತದೆ, ಅದೂ ಹೆಚ್ಚಾಗಿ ಒಂದೆರಡು ಜಾಗದಲ್ಲೇ. ಹಾಗಾಗಿ ಒಂದೇ ಉದಾಹರಣೆಯನ್ನು ಹಿಡಿದು, ಮೊದಲಿನಿಂದ ಕೊನೆಯವರೆಗೆ ಹೋಗೋಣ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಸ್ಪ್ರೆಡ್‌ಶೀಟ್ ಸಾಕು, ವಿಶೇಷ ಸಾಫ್ಟ್‌ವೇರ್ ಬೇಡ. ಆದರೆ ಮೂರು ಮಾಹಿತಿ ಇಲ್ಲದೆ ಕೆಲಸ ಸಾಗುವುದಿಲ್ಲ: ಒಪ್ಪಿಗೆಯಾದ ಮೂಲ ಬಜೆಟ್, ಕಳೆದ 12 ತಿಂಗಳ ಖರ್ಚು ಮತ್ತು ಉತ್ಪಾದನೆಯ ಅಂಕಿ, ಈ ತಿಂಗಳು ತಯಾರಾದ ಮಾಲಿನ ಖಚಿತ ಲೆಕ್ಕ. ಕೊನೆಯದನ್ನು ಉತ್ಪಾದನಾ ವಿಭಾಗದ ದಾಖಲೆಯಿಂದಲೇ ತೆಗೆದುಕೊಳ್ಳಿ. ಮಾರಾಟದ ಬಿಲ್ ನೋಡಿ ಉತ್ಪಾದನೆ ಅಂದಾಜು ಮಾಡಬೇಡಿ. ತಯಾರಾದದ್ದು 12,000, ಹೊರಗೆ ಹೋದದ್ದು 11,000 ಇದ್ದರೆ ಖರ್ಚೆಲ್ಲ 12,000ಕ್ಕೆ ಆಗಿರುತ್ತದೆ, ನೀವು ಅನುಮತಿ ಕೊಡುವುದು ಮಾತ್ರ 11,000ಕ್ಕೆ.

ನಮ್ಮ ಉದಾಹರಣೆ ಬ್ಯಾಗ್ ಹೊಲಿಯುವ ಒಂದು ಘಟಕ. ಕರೆನ್ಸಿ ಯಾವುದೆಂದು ಬರೆದಿಲ್ಲ, ನಿಮ್ಮದನ್ನೇ ಹಾಕಿಕೊಂಡು ಓದಿ. ತಿಂಗಳಿಗೆ 10,000 ಬ್ಯಾಗ್ ಎಂದು ಬಜೆಟ್ ಆಗಿದೆ:

- ಬಟ್ಟೆ ಮತ್ತು ಸಾಮಗ್ರಿ: ಬ್ಯಾಗಿಗೆ 100, ಒಟ್ಟು 10,00,000
- ಹೊಲಿಗೆ ಕೂಲಿ: ಬ್ಯಾಗಿಗೆ ಅರ್ಧ ಗಂಟೆ, ಗಂಟೆಗೆ 60, ಒಟ್ಟು 3,00,000
- ಕರೆಂಟ್: 60,000
- ಸೂಪರ್‌ವೈಸರ್ ಸಂಬಳ: 40,000
- ಬಾಡಿಗೆ: 1,00,000

ಎಲ್ಲ ಸೇರಿ 15,00,000.

## ಹಂತ 1: ಪ್ರತಿ ಖರ್ಚಿನ ಸ್ವಭಾವ ಗುರುತಿಸಿ

ಉತ್ಪಾದನೆ ಏರಿದಾಗ ಯಾವ ಖರ್ಚು ಏರುತ್ತದೆ, ಯಾವುದು ಕದಲುವುದಿಲ್ಲ ಎಂದು ಒಂದೊಂದಾಗಿ ನೋಡಿ. ಬಟ್ಟೆ ಸುಲಭ, ಬ್ಯಾಗ್ ಹೆಚ್ಚಿದಷ್ಟೂ ಬಟ್ಟೆ ಬೇಕು. ಬಾಡಿಗೆಯೂ ಸುಲಭ, ಬ್ಯಾಗ್ ಹೊಲಿದರೂ ಹೊಲಿಯದಿದ್ದರೂ ಕಟ್ಟಬೇಕು.

ಕೂಲಿ ನೋಡುವಾಗ ಸ್ವಲ್ಪ ನಿಲ್ಲಿ. ನಮ್ಮ ಘಟಕದಲ್ಲಿ ಕೆಲಸ ಮಾಡಿದ ಗಂಟೆಗೆ ಮಾತ್ರ ಹಣ ಕೊಡುತ್ತಾರೆ, ಹಾಗಾಗಿ ಅದು ಬದಲಾಗುವ ವೆಚ್ಚ. ಅದೇ ಜನಕ್ಕೆ ತಿಂಗಳ ಸಂಬಳ ಇದ್ದಿದ್ದರೆ, ಕೆಲಸ ಇಲ್ಲದ ದಿನಕ್ಕೂ ಹಣ ಹೋಗುತ್ತಿತ್ತು. ಆಗ ಅದು ಸ್ಥಿರ ವೆಚ್ಚ. ಪಠ್ಯಪುಸ್ತಕದಲ್ಲಿ ಕೂಲಿ ಎಂದರೆ ಬದಲಾಗುವ ವೆಚ್ಚ ಎಂದಿದೆ ಅಂತ ಕಣ್ಣುಮುಚ್ಚಿ ಹಾಕಬೇಡಿ. ಹಣ ಕೊಡುವ ಒಪ್ಪಂದ ಹೇಗಿದೆ ನೋಡಿ.

ಸೂಪರ್‌ವೈಸರ್ ಸಂಬಳ ಇನ್ನೊಂದು ಬಗೆ. 11,000 ಬ್ಯಾಗ್‌ವರೆಗೆ ಒಬ್ಬರು ಸಾಕು. ಅದನ್ನು ದಾಟಿದರೆ ಎರಡನೇ ಪಾಳಿ ಬೇಕು, ಇನ್ನೊಬ್ಬ ಸೂಪರ್‌ವೈಸರ್ ಬೇಕು. ಅಂದರೆ ಖರ್ಚು 40,000ದಲ್ಲೇ ನಿಂತಿದ್ದು, ಒಂದು ಹಂತ ದಾಟಿದ ಕೂಡಲೇ 80,000ಕ್ಕೆ ಜಿಗಿಯುತ್ತದೆ. ಇದನ್ನು ಮೆಟ್ಟಿಲು ವೆಚ್ಚ ಎನ್ನೋಣ. ಮೆಟ್ಟಿಲು ಎಲ್ಲಿದೆ ಎಂದು ತಿಂಗಳು ಶುರುವಾಗುವ ಮೊದಲೇ ಮ್ಯಾನೇಜರ್ ಜೊತೆ ಕೂತು ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿದರೆ, ಇನ್ನೊಬ್ಬರನ್ನು ತೆಗೆದುಕೊಂಡಿದ್ದಕ್ಕೆ ಕಾರಣ ಯಾವಾಗಲೂ ಇದ್ದೇ ಇರುತ್ತದೆ, ಅಲ್ವಾ?

## ಹಂತ 2: ಮಿಶ್ರ ವೆಚ್ಚವನ್ನು ಎರಡು ಭಾಗ ಮಾಡಿ

ಉಳಿದದ್ದು ಕರೆಂಟ್. ದೀಪ, ಫ್ಯಾನು, ಆಫೀಸು ದಿನಾ ನಡೆಯುತ್ತವೆ. ಹೊಲಿಗೆ ಯಂತ್ರಗಳು ಕೆಲಸ ಇದ್ದಷ್ಟು ಓಡುತ್ತವೆ. ಬಿಲ್ ಮಾತ್ರ ಒಂದೇ. ಇದನ್ನು ಒಡೆಯದೆ ಮುಂದೆ ಹೋದರೆ ಇಡೀ ಲೆಕ್ಕ ವಾಲುತ್ತದೆ.

ಸುಲಭದ ದಾರಿ ಹೀಗಿದೆ. ಕಳೆದ 12 ತಿಂಗಳಲ್ಲಿ ಅತಿ ಹೆಚ್ಚು ಉತ್ಪಾದನೆಯಾದ ತಿಂಗಳು ಒಂದು, ಅತಿ ಕಡಿಮೆಯಾದ ತಿಂಗಳು ಒಂದು ತೆಗೆದುಕೊಳ್ಳಿ. ನಮ್ಮ ಘಟಕದಲ್ಲಿ ಹೆಚ್ಚಿನ ತಿಂಗಳು 12,500 ಬ್ಯಾಗ್, ಬಿಲ್ 70,000. ಕಡಿಮೆಯ ತಿಂಗಳು 7,500 ಬ್ಯಾಗ್, ಬಿಲ್ 50,000. ಬ್ಯಾಗಿನ ಅಂತರ 5,000, ಬಿಲ್ಲಿನ ಅಂತರ 20,000. ಅಂದರೆ ಬ್ಯಾಗಿಗೆ 4. ಈಗ 7,500 ಬ್ಯಾಗಿಗೆ 30,000 ಆಯಿತು. ಬಿಲ್ 50,000 ಇತ್ತು, ಹಾಗಾಗಿ ಉಳಿದ 20,000 ಸ್ಥಿರ ಭಾಗ.

ಇಲ್ಲಿ ಜನ ಮಾಡುವ ತಪ್ಪು ಏನೆಂದರೆ, ಅತಿ ಹೆಚ್ಚು *ಬಿಲ್* ಬಂದ ತಿಂಗಳನ್ನು ಆರಿಸುವುದು. ಆರಿಸಬೇಕಾದದ್ದು ಹೆಚ್ಚು *ಉತ್ಪಾದನೆ* ಇದ್ದ ತಿಂಗಳು. ಎರಡೂ ಒಂದೇ ಆಗಿರಬೇಕೆಂದಿಲ್ಲ. ಯಂತ್ರ ಕೆಟ್ಟು ಜನರೇಟರ್ ಓಡಿಸಿದ ತಿಂಗಳಂಥದ್ದನ್ನು ಮೊದಲೇ ಪಕ್ಕಕ್ಕಿಡಿ. ನಡುವೆ ಯೂನಿಟ್ ದರ ಏರಿದ್ದರೆ ಹಳೆಯ ಬಿಲ್ಲುಗಳನ್ನು ಈಗಿನ ದರಕ್ಕೆ ತಂದು ನೋಡಿ.

ಎರಡೇ ತಿಂಗಳ ಮೇಲೆ ನಿಂತ ಲೆಕ್ಕ ಎಂದು ಅಳುಕಿದ್ದರೆ, 12 ತಿಂಗಳನ್ನೂ ಬಳಸಿ. ಉತ್ಪಾದನೆ B ಕಾಲಂನಲ್ಲಿ, ಬಿಲ್ C ಕಾಲಂನಲ್ಲಿ ಇದ್ದರೆ:

```
=SLOPE(C2:C13,B2:B13)
=INTERCEPT(C2:C13,B2:B13)
```

ಮೊದಲನೆಯದು ಬ್ಯಾಗಿಗೆ ಎಷ್ಟು ಎಂದು ಹೇಳುತ್ತದೆ, ಎರಡನೆಯದು ಸ್ಥಿರ ಭಾಗ. ಆದರೂ ಒಮ್ಮೆ ಆ 12 ಬಿಂದುಗಳನ್ನು ಚಾರ್ಟಿನಲ್ಲಿ ಹಾಕಿ ಕಣ್ಣಿಂದ ನೋಡಿ. ಒಂದು ಬಿಂದು ಮಾತ್ರ ದೂರ ಓಡಿಹೋಗಿದ್ದರೆ ಆ ತಿಂಗಳ ಕಥೆ ಕೇಳಿ.

ಒಂದು ಎಚ್ಚರಿಕೆ. ಈ ಅಂಕಿಗಳು 7,500 ಮತ್ತು 12,500ರ ನಡುವೆ ಮಾತ್ರ ನಂಬಬಹುದಾದವು. 3,000 ಬ್ಯಾಗಿಗೋ 25,000 ಬ್ಯಾಗಿಗೋ ಇದೇ ಸೂತ್ರ ಎಳೆದರೆ ಉತ್ತರ ಬರುತ್ತದೆ, ಆದರೆ ಅದಕ್ಕೆ ಆಧಾರ ಇರುವುದಿಲ್ಲ.

## ಹಂತ 3: ಯಾವುದರ ಮೇಲೆ ಹಿಗ್ಗಿಸಬೇಕು ಎಂದು ನಿರ್ಧರಿಸಿ

ತುಂಬಾ ಜನ ಗಮನಿಸದ ಹಂತ ಇದು. ಮ್ಯಾನೇಜರ್ ಕೆಲಸವನ್ನು ನ್ಯಾಯವಾಗಿ ಅಳೆಯುತ್ತೇವೋ ಇಲ್ಲವೋ ಎನ್ನುವುದು ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ.

ಬ್ಯಾಗ್ ಒಂದೇ ಬಗೆಯದಾದರೆ ಬ್ಯಾಗಿನ ಸಂಖ್ಯೆಯನ್ನೇ ಆಧಾರ ಮಾಡಿಕೊಳ್ಳಬಹುದು. ಚಿಕ್ಕದು, ದೊಡ್ಡದು ಎಂದು ಹತ್ತು ಬಗೆ ಇದ್ದರೆ ಸಂಖ್ಯೆ ಕೂಡಿಸಿ ಪ್ರಯೋಜನವಿಲ್ಲ, ಗಂಟೆಯಲ್ಲಿ ಅಳೆಯಬೇಕಾಗುತ್ತದೆ. ಯಾವ ಗಂಟೆ? ಇಲ್ಲೇ ಎಡವುವುದು.

ಈ ತಿಂಗಳು 12,000 ಬ್ಯಾಗ್ ತಯಾರಾಯಿತು ಎಂದುಕೊಳ್ಳಿ. ಬ್ಯಾಗಿಗೆ ಅರ್ಧ ಗಂಟೆಯಂತೆ 6,000 ಗಂಟೆ ಹಿಡಿಯಬೇಕಿತ್ತು. ಹಾಜರಿ ಪುಸ್ತಕದಲ್ಲಿ ಇರುವುದು 6,300 ಗಂಟೆ. ಕೂಲಿ ಕೊಟ್ಟದ್ದು 3,78,000. ಈಗ ಹಾಜರಿ ಪುಸ್ತಕದ ಗಂಟೆಯನ್ನೇ ಆಧಾರ ಮಾಡಿಕೊಂಡು ಬಜೆಟ್ ಹಿಗ್ಗಿಸಿದರೆ, 6,300ನ್ನು 60ರಿಂದ ಗುಣಿಸಿ 3,78,000 ಬರುತ್ತದೆ. ಖರ್ಚಿಗೆ ಸರಿಯಾಗಿ ತಾಳೆ! ವ್ಯತ್ಯಾಸ ಸೊನ್ನೆ. ಹೆಚ್ಚು ಹಿಡಿದ 300 ಗಂಟೆ ಎಲ್ಲಿ ಹೋಯಿತು? ಬಜೆಟ್ ಒಳಗೇ ಸೇರಿಕೊಂಡಿತು. ಕೆಲಸ ನಿಧಾನವಾದಷ್ಟೂ ಮ್ಯಾನೇಜರ್‌ಗೆ ದೊಡ್ಡ ಬಜೆಟ್ ಸಿಗುತ್ತದೆ ಎಂದಾಯಿತು.

ಸರಿಯಾದ ದಾರಿ: ತಯಾರಾದ ಮಾಲಿಗೆ *ಹಿಡಿಯಬೇಕಾಗಿದ್ದ* ಗಂಟೆ, ಅಂದರೆ 6,000. ಆಗ ಅನುಮತಿ 3,60,000, ಹೆಚ್ಚಾದ ಖರ್ಚು 18,000. ಹತ್ತು ಬಗೆಯ ಬ್ಯಾಗ್ ಇದ್ದರೂ ಅಷ್ಟೇ. ಪ್ರತಿ ಬಗೆಗೆ ಹಿಡಿಯಬೇಕಾದ ಸಮಯ ನಿಗದಿ ಮಾಡಿ, ತಯಾರಾದ ಸಂಖ್ಯೆಯಿಂದ ಗುಣಿಸಿ ಕೂಡಿಸಿ.

ಪ್ರತಿ ತಿಂಗಳೂ ಕೂಲಿಯ ವ್ಯತ್ಯಾಸ ಸೊನ್ನೆಯ ಆಸುಪಾಸಿನಲ್ಲೇ ಬರುತ್ತಿದ್ದರೆ ಖುಷಿಪಡಬೇಡಿ, ಮೊದಲು ಆಧಾರ ಯಾವುದೆಂದು ನೋಡಿ.

## ಹಂತ 4: ಸೂತ್ರ ಬರೆದು, ತಿಂಗಳು ಶುರುವಾಗುವ ಮೊದಲೇ ಬೀಗ ಹಾಕಿ

ಈಗ ಪ್ರತಿ ಸಾಲಿಗೂ ಒಂದು ಸೂತ್ರ ಇದೆ: ಸ್ಥಿರ ಭಾಗಕ್ಕೆ, ಬ್ಯಾಗಿನ ದರ ಮತ್ತು ಸಂಖ್ಯೆಯ ಗುಣಲಬ್ಧ ಕೂಡಿಸಿ. ಬೇರೊಂದು ಹಾಳೆಯಲ್ಲಿ ಉತ್ಪಾದನೆ B1ರಲ್ಲಿ, ಸ್ಥಿರ ಭಾಗ D ಕಾಲಂನಲ್ಲಿ, ದರ E ಕಾಲಂನಲ್ಲಿ ಇಟ್ಟರೆ ಕರೆಂಟಿಗೆ ಮೊದಲ ಸೂತ್ರ, ಸೂಪರ್‌ವೈಸರ್‌ಗೆ ಎರಡನೆಯದು:

```
=D4+E4*$B$1
=IF($B$1<=11000,40000,80000)
```

ದರಗಳಿರುವ ಕಾಲಂಗಳನ್ನು ಲಾಕ್ ಮಾಡಿ. ತಿಂಗಳ ಕೊನೆಗೆ ಬದಲಾಗಬೇಕಾದದ್ದು B1 ಒಂದೇ. ಫ್ಲೆಕ್ಸಿಬಲ್ ಅಂದರೆ ಬೇಕಾದಾಗ ತಿದ್ದಬಹುದು ಎಂದಲ್ಲ. ಬಟ್ಟೆ 104ಕ್ಕೆ ಸಿಕ್ಕಿತು, ಬಜೆಟ್ ದರವನ್ನೂ 104 ಮಾಡಿಬಿಡೋಣ ಎಂದು ಯಾರಾದರೂ ಹೇಳಿದರೆ, ಅಲ್ಲಿಗೆ ಲೆಕ್ಕ ಮುಗಿಯಿತು. ಹಿಗ್ಗುವುದು ಪ್ರಮಾಣಕ್ಕೆ ಮಾತ್ರ, ದರಕ್ಕಲ್ಲ.

## ಹಂತ 5: ಮೂರು ಕಾಲಂ ಪಕ್ಕಪಕ್ಕ ಇಡಿ

12,000 ಬ್ಯಾಗ್ ತಯಾರಾದ ತಿಂಗಳ ವರದಿ ಹೀಗಿರುತ್ತದೆ:

| ಖರ್ಚು | ಸ್ಟ್ಯಾಟಿಕ್ (10,000) | ಫ್ಲೆಕ್ಸಿಬಲ್ (12,000) | ನಿಜವಾದದ್ದು |
|---|---|---|---|
| ಬಟ್ಟೆ, ಸಾಮಗ್ರಿ | 10,00,000 | 12,00,000 | 11,76,000 |
| ಕೂಲಿ | 3,00,000 | 3,60,000 | 3,78,000 |
| ಕರೆಂಟ್ | 60,000 | 68,000 | 67,000 |
| ಸೂಪರ್‌ವೈಸರ್ | 40,000 | 80,000 | 80,000 |
| ಬಾಡಿಗೆ | 1,00,000 | 1,00,000 | 1,00,000 |
| ಒಟ್ಟು | 15,00,000 | 18,08,000 | 18,01,000 |

ಮೊದಲನೇ ಕಾಲಂ ಮತ್ತು ಕೊನೆಯ ಕಾಲಂ ಮಾತ್ರ ನೋಡಿದರೆ 3,01,000 ಜಾಸ್ತಿ ಖರ್ಚು. ಮ್ಯಾನೇಜರ್ ಕೆಟ್ಟ ಹೆಸರು ತೆಗೆದುಕೊಳ್ಳುತ್ತಾರೆ. ಆದರೆ ಹೆಚ್ಚು ಬ್ಯಾಗ್ ಹೊಲಿದದ್ದರಿಂದಲೇ ಖರ್ಚು 3,08,000 ಏರಬೇಕಿತ್ತು. ಹೆಚ್ಚು ಆರ್ಡರ್ ತಂದದ್ದು ಮಾರಾಟ ವಿಭಾಗ, ಅದನ್ನು ಪೂರೈಸಿದ್ದು ಇವರು. ನಡುವಿನ ಕಾಲಂ ಜೊತೆ ಹೋಲಿಸಿದರೆ ಇವರು 7,000 ಉಳಿಸಿದ್ದಾರೆ.

ಈಗ ತಿರುಗುಮುರುಗು ನೋಡಿ. ಮುಂದಿನ ತಿಂಗಳು ಆರ್ಡರ್ ಕುಸಿದು 8,000 ಬ್ಯಾಗ್ ಮಾತ್ರ ತಯಾರಾಯಿತು. ಖರ್ಚು 12,82,000. ಸ್ಟ್ಯಾಟಿಕ್ ಬಜೆಟ್ ಪ್ರಕಾರ 2,18,000 ಉಳಿತಾಯ, ಎಲ್ಲರೂ ಚಪ್ಪಾಳೆ. ಆದರೆ 8,000 ಬ್ಯಾಗಿಗೆ ಆಗಬೇಕಿದ್ದದ್ದು ಬಟ್ಟೆ 8,00,000, ಕೂಲಿ 2,40,000, ಕರೆಂಟ್ 52,000, ಸೂಪರ್‌ವೈಸರ್ 40,000, ಬಾಡಿಗೆ 1,00,000. ಒಟ್ಟು 12,32,000. ಅಂದರೆ 50,000 ಜಾಸ್ತಿ ಹೋಗಿದೆ. ಅದರಲ್ಲಿ ಬಟ್ಟೆಯದ್ದೇ 36,000, 360 ಬ್ಯಾಗಿಗೆ ಆಗುವಷ್ಟು ಹಣ. ಕತ್ತರಿಸುವಾಗ ಬಟ್ಟೆ ಹಾಳಾಯಿತೋ, ದರವೇ ಜಾಸ್ತಿ ಕೊಟ್ಟರೋ ಎಂದು ಕೇಳಬೇಕಾದ ತಿಂಗಳಲ್ಲೇ ಯಾರೂ ಏನೂ ಕೇಳಲಿಲ್ಲ.

ಸ್ಟ್ಯಾಟಿಕ್ ಬಜೆಟ್ಟಿನ ಈ ಎರಡನೇ ತಪ್ಪೇ ನನ್ನ ಪ್ರಕಾರ ಹೆಚ್ಚು ಅಪಾಯದ್ದು. ಸುಮ್ನೆ ಬೈಸಿಕೊಂಡವರು ಹೇಗಾದರೂ ತಮ್ಮ ವಾದ ಮುಂದಿಡುತ್ತಾರೆ. ಸುಮ್ನೆ ಹೊಗಳಿಸಿಕೊಂಡವರು ಏಕೆ ಬಾಯಿ ಬಿಡುತ್ತಾರೆ?

## ಹಂತ 6: ಇಡೀ ಬಜೆಟ್ಟನ್ನು ಶೇಕಡಾವಾರು ಗುಣಿಸಿಲ್ಲ ಎಂದು ಖಚಿತಪಡಿಸಿಕೊಳ್ಳಿ

ಅವಸರದಲ್ಲಿ ಎಲ್ಲರೂ ಹಿಡಿಯುವ ಅಡ್ಡದಾರಿ ಇದು. ಉತ್ಪಾದನೆ ಶೇಕಡಾ 20 ಕಡಿಮೆ ಆಯಿತು, ಬಜೆಟ್ಟನ್ನೂ ಶೇಕಡಾ 20 ಇಳಿಸಿಬಿಡೋಣ. 15,00,000 ಇದ್ದದ್ದು 12,00,000 ಆಯಿತು. ನಮ್ಮ ಸರಿಯಾದ ಲೆಕ್ಕದಲ್ಲಿ ಬಂದದ್ದು 12,32,000. ಈ 32,000 ಎಲ್ಲಿಂದ ಬಂತು? ಬಾಡಿಗೆಯಲ್ಲಿ 20,000, ಸೂಪರ್‌ವೈಸರ್ ಸಂಬಳದಲ್ಲಿ 8,000, ಕರೆಂಟಿನ ಸ್ಥಿರ ಭಾಗದಲ್ಲಿ 4,000 ಕತ್ತರಿಸಿದ್ದರಿಂದ. ಬಾಡಿಗೆ ಇಳಿಸು ಎಂದು ಮ್ಯಾನೇಜರ್‌ಗೆ ಹೇಳಿದಂತಾಯಿತು.

ಪರೀಕ್ಷೆ ಸುಲಭ. B1ರಲ್ಲಿ 10,000 ಹಾಕಿ. ಒಟ್ಟು ಸರಿಯಾಗಿ 15,00,000 ಬರಬೇಕು. ಆಮೇಲೆ 8,000 ಹಾಕಿ, ಬಾಡಿಗೆಯ ಸಾಲು ಕದಲಿತೇ ನೋಡಿ. ಕದಲಿದ್ದರೆ ಸೂತ್ರ ತಪ್ಪು.

## ಹಂತ 7: ವ್ಯತ್ಯಾಸವನ್ನು ಸರಿಯಾದ ಮೇಜಿಗೆ ಕಳಿಸಿ

12,000 ಬ್ಯಾಗಿನ ತಿಂಗಳಿಗೆ ಮತ್ತೆ ಬನ್ನಿ. ನಿವ್ವಳ 7,000 ಉಳಿತಾಯ ಎಂದು ಫೈಲ್ ಮುಚ್ಚಬೇಡಿ. ಒಳಗೆ ಬಟ್ಟೆಯಲ್ಲಿ 24,000 ಉಳಿದಿದೆ, ಕೂಲಿಯಲ್ಲಿ 18,000 ಜಾಸ್ತಿ ಹೋಗಿದೆ.

ವಿಚಾರಿಸಿದಾಗ ಹೀಗೆ ತಿಳಿಯಿತು ಎನ್ನಿ: ಬಟ್ಟೆಯ ಬಳಕೆ ಸರಿಯಾಗಿಯೇ ಇದೆ, ಆದರೆ ಬ್ಯಾಗಿಗೆ 100ರ ಬದಲು 98ಕ್ಕೆ ಸಿಗುವ ಬಟ್ಟೆಯನ್ನು ಖರೀದಿ ವಿಭಾಗ ತಂದಿದೆ. ಬಟ್ಟೆ ಸ್ವಲ್ಪ ಕಳಪೆ. ಅಂಚು ಬಿಚ್ಚಿಕೊಳ್ಳುತ್ತದೆ, ಎಷ್ಟೋ ಬ್ಯಾಗುಗಳನ್ನು ಎರಡನೇ ಸಲ ಹೊಲಿಯಬೇಕಾಯಿತು. ಆ 300 ಗಂಟೆ ಹೋದದ್ದು ಅಲ್ಲಿ. ಹಾಗಾದರೆ ಉಳಿತಾಯ ಖರೀದಿಯವರ ಹೆಸರಿಗೆ, ಹೆಚ್ಚಾದ ಕೂಲಿ ಹೊಲಿಗೆ ಮ್ಯಾನೇಜರ್ ಹೆಸರಿಗೆ ಎಂದು ಬರೆದರೆ ಅದು ನ್ಯಾಯವೇ? ಎರಡನ್ನೂ ಒಂದೇ ನಿರ್ಧಾರದ ಫಲ ಎಂದು ಒಟ್ಟಿಗೆ ತೋರಿಸಬೇಕು. ಒಟ್ಟಾರೆ 6,000 ಲಾಭವಾಯಿತು, ಆದರೆ ಹೊಲಿಗೆ ವಿಭಾಗದ ಸಮಯ ಹೋಯಿತು ಎಂದು.

ಇಂಥ ಸಂಬಂಧವನ್ನು ಫ್ಲೆಕ್ಸಿಬಲ್ ಬಜೆಟ್ ತಾನಾಗಿ ಹೇಳುವುದಿಲ್ಲ. ಪ್ರಮಾಣದ ಗೊಂದಲ ತೆಗೆದು, ಯಾವ ಸಾಲಿನಲ್ಲಿ ಪ್ರಶ್ನೆ ಕೇಳಬೇಕು ಎಂದು ತೋರಿಸುತ್ತದೆ, ಅಷ್ಟೇ. ಬಾಡಿಗೆಯಂತೆ ಮ್ಯಾನೇಜರ್ ಕೈಯಲ್ಲಿ ಇಲ್ಲದ ಸಾಲುಗಳನ್ನು ವರದಿಯ ಕೆಳಗೆ ಬೇರೆಯಾಗಿಯೇ ಇಡಿ. ತರಬೇತಿ, ಜಾಹೀರಾತಿನಂಥ ಖರ್ಚನ್ನು ಈ ಸೂತ್ರಕ್ಕೆ ಎಳೆಯಲೇಬೇಡಿ. ಅವು ಉತ್ಪಾದನೆಯ ಜೊತೆ ಏರಿಳಿಯುವುದಿಲ್ಲ, ಯಾರೋ ತೀರ್ಮಾನ ಮಾಡಿ ಖರ್ಚು ಮಾಡುತ್ತಾರೆ.

## ಲೆಕ್ಕ ಹಳಿ ತಪ್ಪಿದೆ ಎಂದು ತೋರಿಸುವ ಸೂಚನೆಗಳು

ಆರು ತಿಂಗಳ ವ್ಯತ್ಯಾಸಗಳನ್ನು ಉತ್ಪಾದನೆಯ ಪಕ್ಕದಲ್ಲಿ ಬರೆದು ನೋಡಿ. ಉತ್ಪಾದನೆ ಹೆಚ್ಚಿದ ತಿಂಗಳೆಲ್ಲ ಉಳಿತಾಯ, ಕಡಿಮೆಯಾದ ತಿಂಗಳೆಲ್ಲ ಹೆಚ್ಚು ಖರ್ಚು ಕಾಣುತ್ತಿದ್ದರೆ, ಯಾವುದೋ ಸ್ಥಿರ ವೆಚ್ಚವನ್ನು ಬದಲಾಗುವ ವೆಚ್ಚ ಎಂದು ಹಾಕಿದ್ದೀರಿ. ಇದು ಉಲ್ಟಾ ಇದ್ದರೆ ತಪ್ಪೂ ಉಲ್ಟಾ ಆಗಿದೆ. ಸರಿಯಾಗಿ ಒಡೆದ ಬಜೆಟ್ಟಿನಲ್ಲಿ ವ್ಯತ್ಯಾಸಕ್ಕೂ ಪ್ರಮಾಣಕ್ಕೂ ನಂಟು ಕಾಣಬಾರದು. ಕಂಡರೆ ಹಂತ 2ಕ್ಕೆ ವಾಪಸ್ ಹೋಗಿ.

ಉತ್ಪಾದನೆ 10,900 ಇದ್ದಾಗಲೂ ಎರಡನೇ ಸೂಪರ್‌ವೈಸರ್ ಇದ್ದರೆ, ಮೆಟ್ಟಿಲಿನ ಜಾಗ ತಪ್ಪಾಗಿರಬಹುದು, ಇಲ್ಲವೇ ಹಿಂದಿನ ತಿಂಗಳು ತೆಗೆದುಕೊಂಡವರನ್ನು ಕಳಿಸಲು ಆಗದೇ ಇರಬಹುದು. ಖರ್ಚು ಏರುವಾಗ ಬೇಗ ಏರುತ್ತದೆ, ಇಳಿಯುವಾಗ ಹಾಗೆ ಇಳಿಯುವುದಿಲ್ಲ. ಸೂತ್ರಕ್ಕೆ ಇದು ಗೊತ್ತಾಗುವುದಿಲ್ಲ. ನೀವೇ ಟಿಪ್ಪಣಿ ಬರೆಯಬೇಕು.

## ಸ್ಟ್ಯಾಟಿಕ್ ಬಜೆಟ್ಟನ್ನು ಬಿಸಾಡಬೇಡಿ

ನಡುವಿನ ಕಾಲಂ ಬಂತು ಎಂದು ಮೊದಲ ಕಾಲಂ ಅಳಿಸಿಬಿಡುವವರಿದ್ದಾರೆ. ಅದು ಇನ್ನೊಂದು ತಪ್ಪು. ಎಷ್ಟು ಮಾಲು ತಯಾರಿಸುತ್ತೇವೆ, ಎಷ್ಟು ಹಣ ಬೇಕು ಎಂಬ ಯೋಜನೆ ಅಲ್ಲೇ ಇರುವುದು. ಯೋಜಿಸಿದ್ದಕ್ಕಿಂತ ಎಷ್ಟು ಹೆಚ್ಚು ಕಡಿಮೆ ತಯಾರಿಸಿದೆವು ಎಂಬುದಕ್ಕೂ ಅದೇ ದಾಖಲೆ.

ಇದು ಮುಖ್ಯವಾಗುವುದು 8,000 ಬ್ಯಾಗಿನಂಥ ತಿಂಗಳಲ್ಲಿ. ಆರ್ಡರ್ ಇಲ್ಲದೆ ಉತ್ಪಾದನೆ ಕುಸಿದಿದ್ದರೆ ಹೊಲಿಗೆ ಮ್ಯಾನೇಜರ್ ಜವಾಬ್ದಾರರಲ್ಲ. ಆದರೆ ಆರ್ಡರ್ 10,000ಕ್ಕೇ ಇದ್ದು, ಸರ್ವಿಸ್ ಮಾಡಿಸದ ಯಂತ್ರಗಳು ವಾರಗಟ್ಟಲೆ ನಿಂತು 8,000 ಆಗಿದ್ದರೆ? ಫ್ಲೆಕ್ಸಿಬಲ್ ಬಜೆಟ್ ಆಗಲೂ 8,000ಕ್ಕೆ ತಕ್ಕಂತೆ ತಾನೇ ಕುಗ್ಗುತ್ತದೆ. ಕಳೆದುಹೋದ 2,000 ಬ್ಯಾಗ್ ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಾಗಿ ವರದಿಯ ಮೇಲ್ಗಡೆ ಎರಡು ಸಾಲು ಸೇರಿಸಿ: ಯೋಜಿಸಿದ ಉತ್ಪಾದನೆ ಎಷ್ಟು, ಆದದ್ದು ಎಷ್ಟು, ಅಂತರಕ್ಕೆ ಕಾರಣ ಆರ್ಡರೋ ಯಂತ್ರವೋ ಎಂದು. ಕಾರಣವನ್ನು ಮ್ಯಾನೇಜರ್ ಒಬ್ಬರಿಂದಲೇ ಬರೆಸಬೇಡಿ. ಮಾರಾಟ ವಿಭಾಗದ ಬಾಕಿ ಆರ್ಡರ್ ಪಟ್ಟಿಯ ಜೊತೆ ತಾಳೆ ನೋಡಿ. ಪಟ್ಟಿಯಲ್ಲಿ 2,000 ಬ್ಯಾಗ್ ಇನ್ನೂ ಬಾಕಿ ಇದ್ದರೆ, ಕೆಳಗಿನ ಲೆಕ್ಕ ಎಷ್ಟೇ ಚೆನ್ನಾಗಿ ಕಂಡರೂ ಆ ತಿಂಗಳ ಮಾತುಕತೆ ಮೇಲಿನ ಎರಡು ಸಾಲಿನಿಂದಲೇ ಶುರುವಾಗಬೇಕು.